ಪ್ರಾಜೆಕ್ಟ್ ಮುಗಿದ ಮೇಲೆ ಕ್ಲೈಂಟ್ ಹತ್ತಿರ ಅಭಿಪ್ರಾಯ ಕೇಳುವುದು: ಅವರಿಗೆ ಉತ್ತರಿಸಲು ಸುಲಭವಾಗುವಂತೆ

"ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ, ಟೆಸ್ಟಿಮೋನಿಯಲ್ ತಾನೇ, ಖಂಡಿತ ಬರೆದುಕೊಡ್ತೀನಿ" ಎಂದ ಕ್ಲೈಂಟ್ ಮೂರು ತಿಂಗಳಾದರೂ ಬರೆದುಕೊಟ್ಟಿರುವುದಿಲ್ಲ. ಸ್ವಂತವಾಗಿ ಕೆಲಸ ಮಾಡುವ ಡಿಸೈನರ್, ಡೆವಲಪರ್, ಅನುವಾದಕ, ಫೋಟೋಗ್ರಾಫರ್ ಎಲ್ಲರಿಗೂ ಇದು ಗೊತ್ತಿರುವ ಪಾಡು. ಆ ಕ್ಲೈಂಟ್ ಸುಳ್ಳು ಹೇಳಿರಲಿಲ್ಲ. ಒಪ್ಪಿಕೊಂಡಾಗ ಅದು ಎರಡು ನಿಮಿಷದ ಕೆಲಸ ಅನ್ನಿಸಿತ್ತು. ಬರೆಯಲು ಕೂತಾಗ ಏನು ಹೇಳಬೇಕು, ಎಷ್ಟುದ್ದ ಬರೆಯಬೇಕು, ಯಾವ ಧಾಟಿಯಲ್ಲಿ ಬರೆಯಬೇಕು, ಇದನ್ನು ಎಲ್ಲಿ ಹಾಕುತ್ತಾರೆ, ತನ್ನ ಬಾಸ್ ಓದಿದರೆ ಏನೆಂದಾರು ಎಂಬ ಪ್ರಶ್ನೆಗಳೆಲ್ಲ ಒಟ್ಟಿಗೆ ಎದ್ದವು. ಖಾಲಿ ಪುಟ ಮುಚ್ಚಿ, ನಾಳೆ ನೋಡೋಣ ಅಂದುಕೊಂಡರು. ಆ ನಾಳೆ ಬರಲೇ ಇಲ್ಲ.

ಹಾಗಾಗಿ ಇನ್ನೂ ವಿನಯವಾಗಿ ಕೇಳುವುದು, ಇನ್ನೊಮ್ಮೆ ನೆನಪಿಸುವುದು ಇದಕ್ಕೆ ಮದ್ದಲ್ಲ. ಈ ಕೆಲಸದಲ್ಲಿ ಕ್ಲೈಂಟ್ ಮಾತ್ರ ಮಾಡಬಹುದಾದ ಭಾಗ ಒಂದೇ, ಅದು ನೆನಪಿಸಿಕೊಂಡು ಹೇಳುವುದು. ವಾಕ್ಯ ಜೋಡಿಸುವುದು, ಉದ್ದ ಕತ್ತರಿಸುವುದು, ಹಾಕುವ ಜಾಗ ನೋಡುವುದು ಎಲ್ಲವೂ ನಿಮ್ಮ ಪಾಲಿಗೆ ಬರಬೇಕು.

ಎರಡು ಬೇರೆ ಸಂಗತಿಗಳು

ಫೀಡ್‌ಬ್ಯಾಕ್ ನಿಮಗಾಗಿ, ಟೆಸ್ಟಿಮೋನಿಯಲ್ ನಿಮ್ಮ ಮುಂದಿನ ಕ್ಲೈಂಟ್‌ಗಾಗಿ. ಮೊದಲನೆಯದರಲ್ಲಿ ತೊಡಕುಗಳು ಹೊರಬರಬೇಕು. ಎರಡನೆಯದನ್ನು ಓದಿ, ನಿಮ್ಮ ಪರಿಚಯವೇ ಇಲ್ಲದ ಒಬ್ಬರಿಗೆ ಧೈರ್ಯ ಬರಬೇಕು. "ನಮ್ಮ ಬಗ್ಗೆ ನಿಮ್ಮ ಅನಿಸಿಕೆ ಬರೆದುಕೊಡಿ, ವೆಬ್‌ಸೈಟ್‌ನಲ್ಲಿ ಹಾಕಿಕೊಳ್ಳುತ್ತೇವೆ" ಎಂದು ಎರಡನ್ನೂ ಒಂದೇ ಮಾತಿನಲ್ಲಿ ಕೇಳಿದರೆ ಎರಡೂ ಕೆಡುತ್ತವೆ. ಎಲ್ಲರೂ ಓದುತ್ತಾರೆಂದು ಗೊತ್ತಾದಾಗ ಕ್ಲೈಂಟ್ ದೂರನ್ನು ನುಂಗಿಕೊಳ್ಳುತ್ತಾರೆ. ಹೊಗಳಿಕೆಯೂ "ಉತ್ತಮ ಸೇವೆ, ಸಕಾಲದಲ್ಲಿ ಕೆಲಸ ಮುಗಿಸಿಕೊಟ್ಟರು" ಎಂಬ ಸರ್ಟಿಫಿಕೇಟ್ ಭಾಷೆಗೆ ತಿರುಗುತ್ತದೆ. ಆ ಸಾಲನ್ನು ಯಾವ ಕೆಲಸದ ಕೆಳಗೆ ಅಂಟಿಸಿದರೂ ಹೊಂದುತ್ತದೆ. ಓದಿದವರು ಅದಕ್ಕೇ ಅದನ್ನು ನಂಬುವುದಿಲ್ಲ.

ಮೊದಲು ಅಭಿಪ್ರಾಯ ಕೇಳಿ. ಬಂದ ಉತ್ತರದಲ್ಲಿ ಹೊರಗೆ ಹೇಳುವಂಥದ್ದು ಇದ್ದರೆ, ಅಷ್ಟನ್ನು ಬಳಸಲು ಬೇರೆಯಾಗಿ ಅನುಮತಿ ಕೇಳಿ. ಮೊದಲ ಸಂದೇಶದಲ್ಲೇ "ಎಲ್ಲಿಯಾದರೂ ಬಳಸುವುದಿದ್ದರೆ ಮೊದಲು ನಿಮ್ಮನ್ನು ಕೇಳುತ್ತೇನೆ" ಎಂಬ ಒಂದು ಸಾಲು ಇರಲಿ. ನಂತರದ ಅನುಮತಿಯ ಪ್ರಶ್ನೆ ಆಗ ಅನಿರೀಕ್ಷಿತ ಅನ್ನಿಸುವುದಿಲ್ಲ.

ಯಾವಾಗ ಕೇಳಬೇಕು

ಹಲವರು ಕೊನೆಯ ಬಿಲ್ ಕಳಿಸುವ ಮೇಲ್‌ನಲ್ಲೇ ಕೇಳಿಬಿಡುತ್ತಾರೆ. ಅದು ತೀರಾ ತಪ್ಪು ಸಮಯ. ಆ ಮೇಲ್ ನೇರ ಲೆಕ್ಕಪತ್ರದವರಿಗೆ ಹೋಗುತ್ತದೆ. ಕ್ಲೈಂಟ್ ಓದಿದರೂ ಅವರ ತಲೆಯಲ್ಲಿರುವುದು ಹಣದ ವಿಚಾರ. ಅದಕ್ಕಿಂತ ಮುಖ್ಯವಾಗಿ, ಕೆಲಸದ ಫಲವೇನೆಂದು ಅವರಿಗಿನ್ನೂ ಗೊತ್ತಿಲ್ಲ. ಗೊತ್ತಿಲ್ಲದವರು "ಚೆನ್ನಾಗಿದೆ" ಎಂದಷ್ಟೇ ಹೇಳಲು ಸಾಧ್ಯ.

ಕೆಲಸ ಹೇಗೆ ನಡೆಯಿತು ಎಂಬ ನೆನಪು ಬೇಗ ಅಳಿಯುತ್ತದೆ. ಕೆಲಸದಿಂದ ಏನಾಯಿತು ಎಂಬುದು ತಡವಾಗಿ ಕಾಣುತ್ತದೆ. ನಿಮ್ಮ ಕೆಲಸದಲ್ಲಿ ಈ ಎರಡರ ನಡುವಿನ ಅಂತರ ಎಷ್ಟೆಂದು ನೋಡಿ ದಿನ ಗೊತ್ತುಮಾಡಿಕೊಳ್ಳಿ. ಸಮಾರಂಭದ ಫೋಟೋ ಅಥವಾ ಒಂದು ಅನುವಾದವಾದರೆ ಒಪ್ಪಿಸಿದ ಒಂದು ವಾರದೊಳಗೆ ಕೇಳಬಹುದು. ದಿನವೂ ಬಳಸುವ ವೆಬ್‌ಸೈಟ್ ಅಥವಾ ಸಾಫ್ಟ್‌ವೇರ್ ಆದರೆ ಮೂರರಿಂದ ಆರು ವಾರ ಬಿಡಿ. ಅಷ್ಟರಲ್ಲಿ ಸಣ್ಣಪುಟ್ಟ ದೋಷಗಳು ಸರಿಯಾಗಿರುತ್ತವೆ, ಹೊಸದು ಬಳಕೆಗೆ ಒಗ್ಗಿರುತ್ತದೆ, ಹಳೆಯ ಕಷ್ಟವೂ ಮರೆತಿರುವುದಿಲ್ಲ. ಆರು ತಿಂಗಳು ಬಿಟ್ಟರೆ ಹೊಸ ವ್ಯವಸ್ಥೆಯೇ ಮಾಮೂಲಾಗಿ, ಮೊದಲು ಹೇಗಿತ್ತು ಎಂಬುದೇ ಮಸುಕಾಗುತ್ತದೆ. ಕೆಲವು ಫ್ರೀಲಾನ್ಸ್ ತಾಣಗಳು ಗಡುವನ್ನೂ ಇಡುತ್ತವೆ. ಅಪ್‌ವರ್ಕ್‌ನಲ್ಲಿ ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಫೀಡ್‌ಬ್ಯಾಕ್ ಕೊಡಬೇಕು. ಅಲ್ಲಿನ ರೇಟಿಂಗ್ ಬೇಗ ಕೇಳಿ, ಫಲದ ಮಾತನ್ನು ಬೇರೆಯಾಗಿ ನಂತರ ಕೇಳಿ.

ಇನ್ನೊಂದು ಸಮಯ ತಾನಾಗಿಯೇ ಬರುತ್ತದೆ. ಕ್ಲೈಂಟ್ ಯಾವುದೋ ಮಾತಿನ ಮಧ್ಯೆ "ನಿನ್ನೆ ಹೊಸ ಹುಡುಗಿ ಯಾರ ಸಹಾಯವೂ ಇಲ್ಲದೆ ಇದರಲ್ಲಿ ಬಿಲ್ ಮಾಡಿದಳು" ಎಂದು ಮೆಸೇಜ್ ಮಾಡುತ್ತಾರೆ. ಯಾವ ಪ್ರಶ್ನೆ ಕೇಳಿದರೂ ಇಷ್ಟು ಒಳ್ಳೆಯ ಉತ್ತರ ಸಿಗುವುದಿಲ್ಲ. ಅದನ್ನು ಅಲ್ಲೇ ಹಿಡಿಯಿರಿ: "ಕೇಳಿ ಖುಷಿಯಾಯ್ತು. ಈ ಸಾಲನ್ನು ಹೀಗೇ ನನ್ನ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನ ಜೊತೆ ಹಾಕಿಕೊಳ್ಳಬಹುದೇ?" ಅವರು ಹೊಸದಾಗಿ ಬರೆಯಬೇಕಾದದ್ದು "ಹಾಕಿಕೊಳ್ಳಿ" ಎಂಬ ಒಂದೇ ಪದ.

ಮೂರು ಪ್ರಶ್ನೆಗಳು

ಒಂದು ಉದಾಹರಣೆಯನ್ನು ಕೊನೆವರೆಗೂ ಹಿಡಿದುಕೊಂಡು ಹೋಗೋಣ. ಒಬ್ಬ ಡಿಸೈನರ್ ಹಲ್ಲಿನ ಕ್ಲಿನಿಕ್ ಒಂದಕ್ಕೆ ಆನ್‌ಲೈನ್‌ನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಪೇಜ್ ಮಾಡಿಕೊಟ್ಟಿದ್ದಾರೆ ಅಂದುಕೊಳ್ಳಿ. ಅದಕ್ಕೂ ಮುಂಚೆ ಎಲ್ಲವೂ ಫೋನಿನಲ್ಲಿ, ರಿಜಿಸ್ಟರ್ ಪುಸ್ತಕದಲ್ಲಿ ನಡೆಯುತ್ತಿತ್ತು. ಡಿಸೈನರ್ ಜೊತೆ ಪೂರ್ತಿ ವ್ಯವಹರಿಸಿದವರು ಕ್ಲಿನಿಕ್‌ನ ಮ್ಯಾನೇಜರ್. ಪೇಜ್ ಶುರುವಾಗಿ ಒಂದು ತಿಂಗಳಾಗಿದೆ. ಮ್ಯಾನೇಜರ್‌ಗೆ ಹೋಗುವ ಸಂದೇಶ ಹೀಗಿರಬಹುದು:

> ಮೇಡಂ, ನಮಸ್ಕಾರ. ಬುಕಿಂಗ್ ಪೇಜ್ ಶುರುವಾಗಿ ನಿನ್ನೆಗೆ ಒಂದು ತಿಂಗಳಾಯ್ತು. ಮೂರು ಪ್ರಶ್ನೆ ಇದೆ, ಒಂದೊಂದಕ್ಕೆ ಒಂದೆರಡು ಸಾಲು ಸಾಕು. ಟೈಪ್ ಮಾಡೋದು ಬೇಜಾರಾದ್ರೆ ವಾಯ್ಸ್ ಮೆಸೇಜ್ ಕಳಿಸಿ.
>
> 1. ಈ ಪೇಜ್ ಮಾಡಿಸಬೇಕೋ ಬೇಡವೋ ಅಂತ ಯೋಚಿಸ್ತಿದ್ದಾಗ ನಿಮಗಿದ್ದ ಅನುಮಾನ ಏನು?
> 2. ಇದು ಬಂದ ಮೇಲೆ ಕೌಂಟರ್‌ನ ದಿನದ ಕೆಲಸದಲ್ಲಿ ಏನಾದ್ರೂ ಬದಲಾಗಿದ್ಯಾ? ಒಂದು ಉದಾಹರಣೆ ಹೇಳಿದ್ರೆ ಸಾಕು.
> 3. ನನ್ನ ಕಡೆಯಿಂದ ಯಾವುದು ತೊಡಕಾಯ್ತು? ಇದು ನನಗೆ ಮಾತ್ರ, ಎಲ್ಲೂ ಹೊರಗೆ ಹೋಗಲ್ಲ.
>
> ಮೊದಲೆರಡು ಉತ್ತರದಲ್ಲಿ ಏನನ್ನಾದ್ರೂ ವೆಬ್‌ಸೈಟ್‌ನಲ್ಲಿ ಬಳಸಬೇಕು ಅನ್ನಿಸಿದ್ರೆ ಮೊದಲು ನಿಮ್ಮನ್ನು ಕೇಳ್ತೀನಿ. ಶುಕ್ರವಾರದೊಳಗೆ ಆದ್ರೆ ಅನುಕೂಲ.

ಮೊದಲ ಪ್ರಶ್ನೆ ಅನುಮಾನದ ಬಗ್ಗೆ ಯಾಕೆ? ನಿಮ್ಮ ಮುಂದಿನ ಕ್ಲೈಂಟ್ ಈಗ ಅದೇ ಅನುಮಾನದಲ್ಲಿ ನಿಂತಿರುತ್ತಾರೆ. ತಮ್ಮ ಮನಸ್ಸಿನ ಅಳುಕನ್ನು ಬೇರೊಬ್ಬರ ಬಾಯಲ್ಲಿ ಕೇಳಿದಾಗ ಮುಂದಿನ ಸಾಲನ್ನು ಓದುತ್ತಾರೆ. ಎರಡನೆಯದು "ಬದಲಾವಣೆ" ಕೇಳುತ್ತದೆ, "ಹೇಗನ್ನಿಸಿತು" ಎಂದು ಕೇಳುವುದಿಲ್ಲ. ಅನಿಸಿಕೆ ಕೇಳಿದರೆ ವಿಶೇಷಣಗಳು ಬರುತ್ತವೆ, ಬದಲಾವಣೆ ಕೇಳಿದರೆ ಘಟನೆಗಳು ಬರುತ್ತವೆ. ಅದರಲ್ಲೂ "ಕೌಂಟರ್‌ನ ದಿನದ ಕೆಲಸ" ಎಂದು ಜಾಗ ತೋರಿಸಿದ್ದರಿಂದ ಅವರ ಕಣ್ಣಿಗೆ ಆ ದೃಶ್ಯ ಕಟ್ಟುತ್ತದೆ. ನಿಮ್ಮ ಕೆಲಸ ಮುಟ್ಟಿದ ಜಾಗ ಯಾವುದೋ ಆ ಹೆಸರನ್ನೇ ಪ್ರಶ್ನೆಯಲ್ಲಿ ಹಾಕಿ. ಮೂರನೆಯದು "ಏನಾದರೂ ತೊಂದರೆ ಆಯ್ತಾ?" ಎಂದಿಲ್ಲ. ಹಾಗೆ ಕೇಳಿದರೆ "ಇಲ್ಲ ಇಲ್ಲ" ಎಂಬ ಮರ್ಯಾದೆಯ ಉತ್ತರ ಸಿದ್ಧವಾಗಿರುತ್ತದೆ. "ಯಾವುದು" ಎಂದರೆ ಏನೋ ಒಂದು ಇತ್ತೆಂದು ನೀವೇ ಒಪ್ಪಿಕೊಂಡಂತಾಗಿ, ಅವರಿಗೆ ಹೇಳುವ ಮುಜುಗರ ಕಡಿಮೆಯಾಗುತ್ತದೆ.

ಮೂರಕ್ಕಿಂತ ಹೆಚ್ಚು ಪ್ರಶ್ನೆ ಬೇಡ. ಐದಾರು ಸೇರಿಸಿದರೆ ಫೋನ್ ಪರದೆಯಲ್ಲಿ ಸಂದೇಶ ಒಂದೇ ನೋಟಕ್ಕೆ ಕಾಣುವುದಿಲ್ಲ, "ಬಿಡುವಾದಾಗ ನೋಡೋಣ" ಎಂಬ ರಾಶಿಗೆ ಸೇರುತ್ತದೆ. ದಿನ ಹೇಳುವುದೂ ಒತ್ತಡ ಹಾಕಿದಂತಲ್ಲ. ಗಡುವಿಲ್ಲದ ಕೆಲಸ ಎಲ್ಲ ಗಡುವಿರುವ ಕೆಲಸಗಳ ಹಿಂದೆ ನಿಲ್ಲುತ್ತದೆ.

ಒಂದು ಪೂರ್ವತಯಾರಿ ಪ್ರಾಜೆಕ್ಟ್ ಶುರುವಾಗುವಾಗಲೇ ಆಗಬೇಕು. ಮೊದಲ ಮಾತುಕತೆಯಲ್ಲಿ ಕ್ಲೈಂಟ್ ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳಿದರೋ ಅದನ್ನು ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ. "ಒಂದೇ ಟೈಮಿಗೆ ಇಬ್ಬರಿಗೆ ಕೊಟ್ಟು ಬೈಸಿಕೊಂಡಿದ್ದೀವಿ" ಎಂದು ಮ್ಯಾನೇಜರ್ ಅಂದಿದ್ದು ಬರಹದಲ್ಲಿದ್ದರೆ, ಎರಡನೇ ಪ್ರಶ್ನೆಗೆ ಅವರು ತಡವರಿಸಿದಾಗ "ಆ ಡಬಲ್ ಬುಕಿಂಗ್ ಸಮಸ್ಯೆ ಈಗ ಹೇಗಿದೆ?" ಎಂದು ನೆನಪಿನ ಎಳೆ ಕೊಡಬಹುದು.

ಎಲ್ಲಿ ಕೇಳಬೇಕು

ಪ್ರಾಜೆಕ್ಟ್ ಉದ್ದಕ್ಕೂ ಯಾವ ದಾರಿಯಲ್ಲಿ ಮಾತಾಡಿದ್ದೀರೋ ಅದೇ ದಾರಿಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಮಾತಾಡಿದವರಿಗೆ ಏಕಾಏಕಿ ಫಾರ್ಮ್ ಲಿಂಕ್ ಕಳಿಸಿದರೆ ಅದು ಎಲ್ಲರಿಗೂ ಕಳಿಸುವ ಸರ್ವೆ ಥರ ಕಾಣುತ್ತದೆ. ತಿಂಗಳಿಗೆ ಹತ್ತಾರು ಕ್ಲೈಂಟ್ ಇದ್ದು ಫಾರ್ಮ್ ಬೇಕೇ ಬೇಕು ಎನ್ನುವುದಾದರೆ ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಬ್ರೌಸರ್‌ನ ಇನ್‌ಕಾಗ್ನಿಟೋ ವಿಂಡೋದಲ್ಲಿ ಲಿಂಕ್ ತೆರೆದು ನೋಡಿ. ಲಾಗಿನ್ ಕೇಳಿತೆಂದರೆ ಉತ್ತರಗಳು ಅಲ್ಲೇ ಸೋರಿಹೋಗುತ್ತವೆ. ಗೂಗಲ್ ಫಾರ್ಮ್ಸ್‌ನಲ್ಲಿ ಸೆಟ್ಟಿಂಗ್ಸ್‌ನ `Limit to 1 response` ಆನ್ ಇದ್ದರೆ ಗೂಗಲ್ ಖಾತೆಯಿಂದ ಸೈನ್ ಇನ್ ಆಗಲೇಬೇಕು, ಫೈಲ್ ಅಪ್‌ಲೋಡ್ ಮಾಡಿಸುವ ಪ್ರಶ್ನೆ ಇದ್ದರೂ ಹಾಗೆಯೇ. "ಫೋಟೋ ಇಲ್ಲೇ ಹಾಕಿ" ಎಂದು ಅಪ್‌ಲೋಡ್ ಪ್ರಶ್ನೆ ಸೇರಿಸಿ ಪೂರ್ತಿ ಫಾರ್ಮ್ ಕೆಡಿಸಿಕೊಳ್ಳುವುದು ಸುಲಭ. ಫೋಟೋ ನಂತರ ಕೇಳಿದರಾಯಿತು.

ವಾಯ್ಸ್ ಮೆಸೇಜ್‌ಗೆ ಅವಕಾಶ ಕೊಡುವುದರಲ್ಲಿ ಇನ್ನೊಂದು ಲಾಭವಿದೆ. ಮಾತಾಡುವಾಗ ಜನ ಸರ್ಟಿಫಿಕೇಟ್ ಭಾಷೆ ಬಳಸುವುದಿಲ್ಲ. ಬರೆಯುವಾಗ "ಕಾರ್ಯಕ್ಷಮತೆ ಹೆಚ್ಚಿದೆ" ಎನ್ನುವವರೇ ಮಾತಿನಲ್ಲಿ "ಈಗ ಮಧ್ಯಾಹ್ನ ಊಟಕ್ಕೆ ಏಳೋಕೆ ಆಗತ್ತೆ" ಅನ್ನುತ್ತಾರೆ.

ಬಂದ ಉತ್ತರವನ್ನು ಏನು ಮಾಡಬೇಕು

ಮ್ಯಾನೇಜರ್ ಅವರ ಉತ್ತರ ಹೀಗೆ ಬಂತು ಎಂದುಕೊಳ್ಳಿ:

> 1. ನಮ್ಮಲ್ಲಿ ವಯಸ್ಸಾದ ರೋಗಿಗಳೇ ಜಾಸ್ತಿ, ಅವರಿಗೆ ಆನ್‌ಲೈನ್ ಎಲ್ಲ ಕಷ್ಟ ಅಂತ ಡಾಕ್ಟರ್ ಬೇಡ ಅಂತಿದ್ರು. ಅದಕ್ಕೇ ಎರಡು ತಿಂಗಳು ಮುಂದಕ್ಕೆ ಹಾಕಿದ್ದು. ಆಮೇಲೆ ನೀವು ಅವರಿಗೋಸ್ಕರ ಫೋನ್ ನಂಬರ್ ದೊಡ್ಡದಾಗಿ ಮೇಲೆ ಹಾಕಿದ್ರಲ್ಲ, ಅದು ಒಳ್ಳೇದಾಯ್ತು.
> 2. ಮೊದಲು ಬೆಳಿಗ್ಗೆ ಹೊತ್ತು ಫೋನ್ ಕೆಳಗಿಡೋಕೇ ಆಗ್ತಿರ್ಲಿಲ್ಲ. ಈಗ ಕರೆ ಅರ್ಧಕ್ಕರ್ಧ ಕಡಿಮೆ ಆಗಿದೆ ಅನ್ಸತ್ತೆ, ಲೆಕ್ಕ ಏನೂ ಇಟ್ಟಿಲ್ಲ. ಇಬ್ಬರಿಗೆ ಒಂದೇ ಟೈಮ್ ಕೊಡೋ ಎಡವಟ್ಟಂತೂ ನಿಂತಿದೆ.
> 3. ರಿಮೈಂಡರ್ ಎಸ್ಸೆಮ್ಮೆಸ್ ಎರಡು ವಾರ ತಡ ಆಯ್ತು. ತಡ ಆಗಿದ್ದಕ್ಕಿಂತ, ಯಾವಾಗ ಆಗತ್ತೆ ಅಂತ ನಾವೇ ಕೇಳ್ಬೇಕಾಯ್ತು.

ಇಲ್ಲಿ ಟೆಸ್ಟಿಮೋನಿಯಲ್ ಆಗಲೇ ಇದೆ, ಹೊರತೆಗೆಯಬೇಕಷ್ಟೆ. ಕತ್ತರಿಸಬಹುದು, ಅರ್ಥ ಬದಲಾಗದಂತೆ ಸಾಲುಗಳನ್ನು ಹಿಂದೆ ಮುಂದೆ ಮಾಡಬಹುದು, ಕಾಗುಣಿತ ತಿದ್ದಬಹುದು, "ನೀವು" ಎಂದಲ್ಲಿ "ಡಿಸೈನರ್" ಎಂದು ಹಾಕಬಹುದು. ಅವರು ಹೇಳದ ಮಾತನ್ನು ಸೇರಿಸುವ ಹಾಗಿಲ್ಲ, ಹೇಳಿದ್ದರ ತೂಕ ಹೆಚ್ಚಿಸುವ ಹಾಗೂ ಇಲ್ಲ.

> ನಮ್ಮಲ್ಲಿ ವಯಸ್ಸಾದ ರೋಗಿಗಳೇ ಜಾಸ್ತಿ, ಅವರಿಗೆ ಆನ್‌ಲೈನ್ ಕಷ್ಟ ಅಂತ ಡಾಕ್ಟರ್ ಬೇಡ ಅಂತಿದ್ರು. ಅವರಿಗೋಸ್ಕರ ಡಿಸೈನರ್ ಫೋನ್ ನಂಬರನ್ನು ದೊಡ್ಡದಾಗಿ ಮೇಲೆ ಹಾಕಿದ್ರು, ಅದು ಒಳ್ಳೇದಾಯ್ತು. ಮೊದಲು ಬೆಳಿಗ್ಗೆ ಹೊತ್ತು ಫೋನ್ ಕೆಳಗಿಡೋಕೇ ಆಗ್ತಿರಲಿಲ್ಲ. ಈಗ ಕರೆ ಅರ್ಧಕ್ಕರ್ಧ ಕಡಿಮೆ ಆಗಿದೆ ಅನ್ಸತ್ತೆ. ಇಬ್ಬರಿಗೆ ಒಂದೇ ಟೈಮ್ ಕೊಡೋ ಎಡವಟ್ಟಂತೂ ನಿಂತಿದೆ.

"ಅನ್ಸತ್ತೆ" ಎಂಬ ಪದದ ಮೇಲೆ ಎಲ್ಲರ ಕೈ ಕತ್ತರಿಗೆ ಹೋಗುತ್ತದೆ. "ಕರೆಗಳಲ್ಲಿ 50% ಇಳಿಕೆ" ಎಂದು ಬರೆದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಲೆಕ್ಕ ಇಟ್ಟಿಲ್ಲ ಎಂದು ಅವರೇ ಹೇಳಿದ್ದಾರೆ, ಆದ್ದರಿಂದ ಆ ಸಂಖ್ಯೆ ನಿಮ್ಮ ಸೃಷ್ಟಿಯಾಗುತ್ತದೆ. ನಾಳೆ ಹೊಸ ಕ್ಲೈಂಟ್ ಕ್ಲಿನಿಕ್‌ಗೆ ಫೋನ್ ಮಾಡಿ ವಿಚಾರಿಸಿದರೆ ಮುಜುಗರಕ್ಕೆ ಸಿಕ್ಕುವವರು ನಿಮಗೆ ಉಪಕಾರ ಮಾಡಿದ ಮ್ಯಾನೇಜರ್. ಆಡುಮಾತನ್ನು ಗ್ರಾಂಥಿಕ ಮಾಡಲೂ ಹೋಗಬೇಡಿ. ಮನುಷ್ಯರೊಬ್ಬರು ಹೇಳಿದ ಮಾತೆಂದು ಓದುಗರು ಗುರುತಿಸುವುದೇ ಈ ಧಾಟಿಯಿಂದ.

ಇದನ್ನು ವಾಪಸ್ ಕಳಿಸುವಾಗ ಒಪ್ಪಿಗೆಯೂ ಒಂದೇ ಪದದಲ್ಲಿ ಮುಗಿಯುವಂತಿರಲಿ:

> ಮೇಡಂ, ನಿಮ್ಮ ಉತ್ತರದಿಂದಲೇ ಇಷ್ಟನ್ನು ತೆಗೆದಿದ್ದೀನಿ. ನನ್ನ ವೆಬ್‌ಸೈಟ್‌ನಲ್ಲಿ, ನಿಮ್ಮ ಕ್ಲಿನಿಕ್ ಕೆಲಸ ತೋರಿಸೋ ಪುಟದಲ್ಲಿ ಹಾಕಬೇಕು ಅಂತಿದೆ. "ಸರಿ" ಅಂದ್ರೆ ನಿಮ್ಮ ಹೆಸರು, ಹುದ್ದೆ, ಕ್ಲಿನಿಕ್ ಹೆಸರಿನ ಜೊತೆ ಹಾಕ್ತೀನಿ. "ಹೆಸರು ಬೇಡ" ಅಂದ್ರೆ ಬರೀ ಹುದ್ದೆ ಹಾಕ್ತೀನಿ. ಏನಾದ್ರೂ ತಿದ್ದಬೇಕಿದ್ರೆ ತಿದ್ದಿ ಕಳಿಸಿ. ಹಾಕೋದೇ ಬೇಡ ಅಂದ್ರೂ ಪರವಾಗಿಲ್ಲ.

ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿಲ್ಲ ಎಂದೇ ಅರ್ಥ. "ಬೇಡ ಅನ್ನದಿದ್ದರೆ ಸೋಮವಾರ ಹಾಕುತ್ತೇನೆ" ಎಂಬ ದಾರಿ ಹಿಡಿಯಬೇಡಿ. ಫೋಟೋ, ಕಂಪನಿ ಲೋಗೋ ಬೇಕಿದ್ದರೆ "ಸರಿ" ಬಂದ ಮೇಲೆ ಕೇಳಿ. ದೊಡ್ಡ ಸಂಸ್ಥೆಗಳಲ್ಲಿ ನಿಮ್ಮ ಸಂಪರ್ಕದಲ್ಲಿದ್ದವರಿಗೆ ಸಂಸ್ಥೆಯ ಹೆಸರು ಬಳಸಲು ಅನುಮತಿ ಕೊಡುವ ಅಧಿಕಾರವೇ ಇರುವುದಿಲ್ಲ, ಕಾನೂನು ವಿಭಾಗದ ಮೇಜು ದಾಟಿ ಬರಬೇಕು. ಉತ್ಸಾಹದಿಂದ ಒಪ್ಪಿಕೊಂಡವರು ಈ ಹಂತದಲ್ಲಿ ದಿಢೀರನೆ ಮೌನವಾದರೆ ಕಾರಣ ಬಹುಪಾಲು ಇದೇ. ಆಗ ಸಂಸ್ಥೆಯ ಹೆಸರು ಬಿಟ್ಟು ಹುದ್ದೆ ಮತ್ತು ಕ್ಷೇತ್ರ ಮಾತ್ರ ಹಾಕುವ ಆಯ್ಕೆ ಕೊಡಿ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಕೇಳುವ ಮುನ್ನವೇ ಅದನ್ನು ತೆಗೆದು ಓದಿ.

ಮೂರನೇ ಉತ್ತರಕ್ಕೂ ಜವಾಬು ಹೋಗಬೇಕು, ಅದೂ ಅನುಮತಿ ಕೇಳುವ ಮೊದಲು, ಬೇರೆ ಸಂದೇಶದಲ್ಲಿ. "ಎಸ್ಸೆಮ್ಮೆಸ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ತಡ ಆಗುತ್ತೆ ಅಂತ ಗೊತ್ತಾದ ದಿನವೇ ನಾನು ಹೇಳಬೇಕಿತ್ತು. ಇನ್ನು ಮೇಲೆ ಪ್ರತಿ ಸೋಮವಾರ ಕೆಲಸ ಎಲ್ಲಿಗೆ ಬಂತು ಅಂತ ಎರಡು ಸಾಲು ಕಳಿಸ್ತೀನಿ" ಎಂದರೆ ಸಾಕು. ಸಮಜಾಯಿಷಿ ಬೇಡ. ಎಸ್ಸೆಮ್ಮೆಸ್ ಕಂಪನಿಯ ತಪ್ಪೇ ಆಗಿದ್ದರೂ ಇಲ್ಲಿ ಅದನ್ನು ಹೇಳಿದರೆ ಕೇಳಿದ್ದೇ ವಾದಕ್ಕೆ ಎಂಬಂತಾಗುತ್ತದೆ, ಮುಂದೆ ಅವರು ಬಾಯಿ ಬಿಡುವುದಿಲ್ಲ. ಮೂರೂ ಉತ್ತರಗಳಲ್ಲಿ ಅಸಮಾಧಾನವೇ ತುಂಬಿದ್ದರೆ ಟೆಸ್ಟಿಮೋನಿಯಲ್ ವಿಚಾರ ಅಲ್ಲಿಗೇ ಬಿಡಿ. ಸರಿಪಡಿಸಬಹುದಾದ್ದನ್ನು ಸರಿಪಡಿಸಿ.

ಉತ್ತರವೇ ಬರದಿದ್ದರೆ

ಹೇಳಿದ ದಿನ ದಾಟಿ ಎರಡು ಮೂರು ಕೆಲಸದ ದಿನ ಕಾಯಿರಿ. ನೆನಪಿಸುವ ಸಂದೇಶ ಮೊದಲಿನದಕ್ಕಿಂತ ಚಿಕ್ಕದಿರಬೇಕು. ಅದೇ ಮೂರು ಪ್ರಶ್ನೆ ಮತ್ತೆ ಕಳಿಸಿದರೆ ಅದೇ ಭಾರ ಮತ್ತೆ ಹೊರಿಸಿದಂತೆ. ಒಂದಕ್ಕೆ ಇಳಿಸಿ: "ಮೇಡಂ, ಮೂರೂ ಬೇಡ, ಒಂದೇ ಹೇಳಿ ಸಾಕು. ಬುಕಿಂಗ್ ಪೇಜ್ ಬಂದ ಮೇಲೆ ಕೌಂಟರ್‌ನಲ್ಲಿ ಏನು ಬದಲಾಗಿದೆ?" ಇದಕ್ಕೂ ಉತ್ತರ ಬರದಿದ್ದರೆ ನಿಲ್ಲಿಸಿ. ಮೂರನೇ ಸಲ ಕೇಳಿದಾಗ ಸಿಗುವ ಮಾತು ಬೇಗ ಬಿಡಿಸಿಕೊಳ್ಳಲು ಹೇಳಿದ್ದಾಗಿರುತ್ತದೆ, ಜೊತೆಗೆ ಮುಂದಿನ ಕೆಲಸಕ್ಕೆ ಕರೆಯುವಾಗಲೂ ಆ ಕಿರಿಕಿರಿ ನೆನಪಾಗುತ್ತದೆ.

"ನೀವೇ ಬರೆದುಬಿಡಿ, ನಾನು ಓಕೆ ಅಂತೀನಿ" ಎನ್ನುವವರು ಬಹಳ. ಸುಲಭದ ದಾರಿಯಂತೆ ಕಂಡರೂ ಅದರಲ್ಲಿ ನಿಮ್ಮ ಹೊಗಳಿಕೆಯನ್ನು ನೀವೇ ಬರೆದಿರುತ್ತೀರಿ, ಭಾಷೆಯೇ ಅದನ್ನು ಬಿಟ್ಟುಕೊಡುತ್ತದೆ. "ಆಗಲಿ, ಐದು ನಿಮಿಷ ಫೋನಿನಲ್ಲಿ ಮಾತಾಡೋಣ, ನೀವು ಹೇಳಿದ್ದನ್ನು ಬರೆದು ಕಳಿಸ್ತೀನಿ" ಎನ್ನಿ. ಅದೇ ಮೊದಲೆರಡು ಪ್ರಶ್ನೆ ಕೇಳಿ, ಅವರ ಪದಗಳನ್ನೇ ಗುರುತು ಹಾಕಿಕೊಳ್ಳಿ.

ಗೂಗಲ್ ರಿವ್ಯೂ, ಲಿಂಕ್ಡ್‌ಇನ್, ಮತ್ತು ರಿಯಾಯಿತಿಯ ಆಮಿಷ

ನಿಮ್ಮ ವೆಬ್‌ಸೈಟ್‌ನಲ್ಲಿ ಯಾರ ಮಾತು ಹಾಕಬೇಕೆಂದು ನೀವು ಆರಿಸಬಹುದು. ಗೂಗಲ್ ರಿವ್ಯೂಗಳ ನಿಯಮ ಬೇರೆ. ಮೊದಲು ಫೀಡ್‌ಬ್ಯಾಕ್ ಕೇಳಿ, ಖುಷಿಯಾದವರಿಗೆ ಮಾತ್ರ ರಿವ್ಯೂ ಲಿಂಕ್ ಕೊಡುವುದನ್ನು ಗೂಗಲ್ ಒಪ್ಪುವುದಿಲ್ಲ, ರಿವ್ಯೂಗೆ ಬದಲಾಗಿ ರಿಯಾಯಿತಿ ಅಥವಾ ಉಡುಗೊರೆ ಕೊಡುವುದನ್ನೂ ಒಪ್ಪುವುದಿಲ್ಲ. ಲಿಂಕ್ ಕೊಡುವುದಾದರೆ ಎಲ್ಲ ಕ್ಲೈಂಟ್‌ಗಳಿಗೂ ಕೊಡಿ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ನಿಯಮ 2024ರ ಅಕ್ಟೋಬರ್ 21ರಿಂದ ಜಾರಿಯಲ್ಲಿದ್ದು, ನಕಲಿ ರಿವ್ಯೂ, ನಕಲಿ ಟೆಸ್ಟಿಮೋನಿಯಲ್‌ಗಳನ್ನೂ, ಹೊಗಳಿದರೆ ಮಾತ್ರ ಇಂತಿಷ್ಟು ಕೊಡುತ್ತೇವೆಂಬ ಷರತ್ತನ್ನೂ ನಿಷೇಧಿಸುತ್ತದೆ. ಅಲ್ಲಿನ ಕ್ಲೈಂಟ್‌ಗಳಿಗೆ ಕೆಲಸ ಮಾಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಲಿಂಕ್ಡ್‌ಇನ್ ಶಿಫಾರಸು ಕೇಳಬೇಕಾದರೆ ಆ ವ್ಯಕ್ತಿ ನಿಮ್ಮ ನೇರ ಸಂಪರ್ಕದಲ್ಲಿರಬೇಕು. `Ask for a recommendation` ಒತ್ತಿದಾಗ ಸಂದೇಶದ ಜಾಗದಲ್ಲಿ ಸಿದ್ಧ ವಾಕ್ಯ ಬಂದರೆ ಅದನ್ನು ಅಳಿಸಿ. ಬದಲಿಗೆ ಅವರು ಮೊದಲೇ ಒಪ್ಪಿದ ಆ ಐದು ಸಾಲುಗಳನ್ನೇ ಹಾಕಿ, "ಬೇಕಿದ್ದರೆ ಇದನ್ನೇ ಅಂಟಿಸಿ" ಎಂದು ಬರೆಯಿರಿ. ಅವರ ಮಾತು ಅವರಿಗೇ ವಾಪಸ್ ಹೋಗುತ್ತಿರುವುದರಿಂದ ಇದರಲ್ಲಿ ತಪ್ಪೇನಿಲ್ಲ, ಅವರಿಗೆ ಒಂದು ನಿಮಿಷದ ಕೆಲಸ.

ಕೊನೆಗೆ ಒಂದು ಕಡತ ಇಟ್ಟುಕೊಳ್ಳಿ: ಮೂಲ ಉತ್ತರ, ಒಪ್ಪಿಗೆ ಬಂದ ಸಂದೇಶದ ಸ್ಕ್ರೀನ್‌ಶಾಟ್, ತಾರೀಖು, ಎಲ್ಲೆಲ್ಲಿ ಹಾಕಲು ಒಪ್ಪಿದ್ದಾರೆ ಎಂಬ ಟಿಪ್ಪಣಿ. ವೆಬ್‌ಸೈಟ್‌ಗೆ ಎಂದು ಪಡೆದ ಒಪ್ಪಿಗೆ ಜಾಹೀರಾತಿಗೆ ಆಗುವುದಿಲ್ಲ, ಅದಕ್ಕೆ ಮತ್ತೆ ಕೇಳಬೇಕು. ವರ್ಷಕ್ಕೊಮ್ಮೆ ಹಾಕಿರುವ ಮಾತುಗಳನ್ನೆಲ್ಲ ತೆರೆದು ನೋಡಿ. ಆ ಮ್ಯಾನೇಜರ್ ಬೇರೆ ಕಡೆ ಕೆಲಸಕ್ಕೆ ಹೋಗಿದ್ದರೆ ಹುದ್ದೆಯ ಹಿಂದೆ "ಆಗಿನ" ಎಂದು ಸೇರಿಸಿ. ತೆಗೆಯಿರಿ ಎಂದು ಅವರು ಕೇಳಿದರೆ ಅದೇ ದಿನ ತೆಗೆದು, ತೆಗೆದಿದ್ದೇನೆ ಎಂದು ತಿಳಿಸಿ.